ಡಾಲರ್ ಶುಲ್ಕಕ್ಕೆ ರೂಪಾಯಿಯ ಉಳಿತಾಯ: ಪಾಲಕರ ಗಮನಕ್ಕೆ

ಪಾಲಕ ಬಂಧುಗಳೇ,

ಧಾರವಾಡದ ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ನನ್ನನ್ನು ಕಾಡಿತು. ಅವರ ಮಗಳು ಈಗ ಏಳನೇ ತರಗತಿ. ಹತ್ತು ವರ್ಷಗಳ ನಂತರ ಅಮೆರಿಕದಲ್ಲಿ ಸ್ನಾತಕೋತ್ತರ ಓದು. ಅದಕ್ಕೆ ಎಷ್ಟು ಹಣ ಬೇಕು, ಎಲ್ಲಿ ಉಳಿಸಬೇಕು ಎಂಬುದು ಅವರ ಪ್ರಶ್ನೆ. ಇಂದಿನ ಶುಲ್ಕ 40,000 ಡಾಲರ್ ಎಂದುಕೊಳ್ಳೋಣ. ಡಾಲರಿಗೆ 90 ರೂಪಾಯಿ ಹಿಡಿದರೆ 36 ಲಕ್ಷ.

ಶುಲ್ಕವೇ ವರ್ಷಕ್ಕೆ ಶೇ 4 ಏರಿದರೆ ಅದು 53 ಲಕ್ಷವಾಗುತ್ತದೆ. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. 2015ರ ನಡುವಿನಲ್ಲಿ ಸುಮಾರು 64 ರೂಪಾಯಿ ಇದ್ದ ಡಾಲರ್ 2025ರ ನಡುವಿನಲ್ಲಿ 86ರ ಆಸುಪಾಸಿಗೆ ಬಂದಿತ್ತು, ಅಂದರೆ ವರ್ಷಕ್ಕೆ ಸುಮಾರು ಶೇ 3. ಅದನ್ನೂ ಸೇರಿಸಿದರೆ ಮೊತ್ತ 72 ಲಕ್ಷ!

ಶೇ 7 ಬಡ್ಡಿಯ ಠೇವಣಿ ಇದಕ್ಕೆ ಸಾಲದು. ಖರ್ಚು ವರ್ಷಕ್ಕೆ ಸುಮಾರು ಶೇ 7 ಏರುತ್ತಿದ್ದರೆ, ಶೇ 30ರ ತೆರಿಗೆ ಕಟ್ಟುವವರಿಗೆ ಕೈಗೆ ಬರುವುದು ಶೇ 5ಕ್ಕಿಂತ ಕಡಿಮೆ.

ಆದ್ದರಿಂದ ಉಳಿತಾಯದ ಒಂದು ಪಾಲು, ನನ್ನ ಮಟ್ಟಿಗೆ ಅರ್ಧದಷ್ಟು, ಅಮೆರಿಕದ ಷೇರು ಸೂಚ್ಯಂಕದಲ್ಲಿ ಹೂಡುವ ಮ್ಯೂಚುವಲ್ ಫಂಡ್‌ನಲ್ಲಿರಲಿ. ರೂಪಾಯಿ ಕುಸಿದಾಗ ಅದರ ರೂಪಾಯಿ ಮೌಲ್ಯ ಏರುತ್ತದೆ. ಆದರೆ ಷೇರು ಬಿದ್ದರೆ ಇದೂ ಬೀಳುತ್ತದೆ. ಹೀಗಾಗಿ ಪ್ರವೇಶಕ್ಕೆ ಮೂರು ವರ್ಷ ಇರುವಾಗಲೇ ಮೊದಲ ವರ್ಷದ ಶುಲ್ಕವನ್ನು ಹಂತಹಂತವಾಗಿ ಹೊರತೆಗೆದು ಠೇವಣಿಗೆ ಹಾಕಿರಿ. ಆ ಕಡೆಯ ಅವಧಿಯಲ್ಲಿ ರೂಪಾಯಿ ಜಾರುವ ನಷ್ಟ ಸಹಿಸಬಹುದು; ಷೇರುಪೇಟೆ ಮೂರನೇ ಒಂದು ಭಾಗ ಕುಸಿದರೆ ಸಹಿಸಲಾಗದು.

ಇನ್ನೊಂದು ಮಾತು: ಭಾರತದ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶದಲ್ಲಿ ಹೂಡಬಹುದಾದ ಒಟ್ಟು ಮಿತಿ ಮುಟ್ಟಿದ್ದರಿಂದ 2022ರ ಫೆಬ್ರುವರಿಯಲ್ಲಿ ಇಂಥ ಹಲವು ಫಂಡ್‌ಗಳು ಹೊಸ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದವು. ಮಾಸಿಕ ಕಂತು ಆರಂಭಿಸುವ ಮುನ್ನ ಫಂಡ್ ಈಗ ಹಣ ಸ್ವೀಕರಿಸುತ್ತಿದೆಯೇ ಎಂದು ನೋಡಿಕೊಳ್ಳಿರಿ. ನಿಮ್ಮ ಮಗುವಿನ ತರಗತಿ, ದೇಶ ಮತ್ತು ಅಂದಾಜು ಶುಲ್ಕವನ್ನು ಇಲ್ಲಿ ಬರೆದರೆ ಇದೇ ರೀತಿ ಲೆಕ್ಕ ಮಾಡಿ ಕಳುಹಿಸುತ್ತೇನೆ.