ಒಂದೇ ಪ್ರೋಟೀನ್ ಡಬ್ಬ, ಮಗನಿಗೆ ಪರವಾಗಿಲ್ಲ, ಅಪ್ಪನಿಗೆ ಬೇಡ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಪ್ರೋಟೀನ್ ಜಾಸ್ತಿ ತಿಂದ್ರೆ ಕಿಡ್ನಿ ಹಾಳಾಗುತ್ತೆ ಅಂತ ಬಂದಿತ್ತು. ನಾನು ತುಮಕೂರಲ್ಲಿ ಲ್ಯಾಬ್ ಟೆಕ್ನಿಷಿಯನ್, ದಿನಾ ಇಂಥ ರಿಪೋರ್ಟ್‌ಗಳನ್ನೇ ನೋಡೋಳು. ಆ ಬರಹ ಜಿಮ್‌ಗೆ ಹೋಗೋ ಹುಡುಗರನ್ನ ಸುಮ್ಮನೆ ಹೆದರಿಸಿದೆ, ನಿಜವಾಗ್ಲೂ ಹುಷಾರಾಗಿರಬೇಕಾದವರ ಬಗ್ಗೆ ಒಂದು ಸಾಲೂ ಹೇಳಿಲ್ಲ, ಅದಕ್ಕೇ ಬರೀತಿದೀನಿ.

ನಮ್ಮ ಅಕ್ಕನ ಮನೇದೇ ಹೇಳ್ತೀನಿ. ಅಕ್ಕನ ಮಗನಿಗೆ 28 ವರ್ಷ, ಜಿಮ್ ಹುಚ್ಚು, ವ್ಹೇ ಪ್ರೋಟೀನ್ ಜೊತೆಗೆ ಕ್ರಿಯಾಟಿನ್ ಪೌಡರೂ ತಗೋತಿದ್ದ. ಅವನ ಡಬ್ಬದಿಂದಲೇ ಭಾವನೂ ಶಕ್ತಿ ಬರುತ್ತೆ ಅಂತ ದಿನಾ ಎರಡು ಸ್ಕೂಪ್ ವ್ಹೇ ಕುಡೀತಿದ್ರು, ಅವರಿಗೆ 58, ಶುಗರ್ ಇದೆ, ಬಿಪಿ ಮಾತ್ರೆನೂ ನಡೀತಿದೆ. ಇಬ್ಬರಿಗೂ ರಕ್ತ ಟೆಸ್ಟ್ ಆಯ್ತು. ಕಿಡ್ನಿ ಸೋಸಿ ಹೊರಗೆ ಹಾಕೋ ಕ್ರಿಯಾಟಿನಿನ್ ಅನ್ನೋ ಕಸ ಮಗನಿಗೆ 1.4, ರಿಪೋರ್ಟಲ್ಲಿ ದಪ್ಪ ಅಕ್ಷರದಲ್ಲಿ ಜಾಸ್ತಿ ಅಂತ ಬಂತು. ಭಾವನದು 1.2, ನಾರ್ಮಲ್ ಅಂತ ಬಂತು. ಮನೇಲಿ ಎಲ್ಲರೂ ಮಗನ ಮೇಲೆ ಬಿದ್ರು, ಡಬ್ಬ ಬಿಸಾಕು ಅಂತ.

ಆದ್ರೆ ಕ್ರಿಯಾಟಿನಿನ್ ಬರೋದು ಸ್ನಾಯುವಿಂದ. ಮೈಕಟ್ಟು ಜಾಸ್ತಿ ಇದ್ದವರಿಗೆ, ಕ್ರಿಯಾಟಿನ್ ತಗೊಳ್ಳೋರಿಗೆ, ಹಿಂದಿನ ರಾತ್ರಿ ಚೆನ್ನಾಗಿ ಮಟನ್ ತಿಂದವರಿಗೆ ಕಿಡ್ನಿ ಗಟ್ಟಿ ಇದ್ರೂ ಅದು ಏರುತ್ತೆ. ವಯಸ್ಸು ಸೇರಿಸಿ ಇಜಿಎಫ್‌ಆರ್ ಲೆಕ್ಕ ಹಾಕಿದ್ರೆ, ಅಂದ್ರೆ ಕಿಡ್ನಿ ನಿಮಿಷಕ್ಕೆ ಎಷ್ಟು ಎಂಎಲ್ ಸೋಸುತ್ತೆ ಅನ್ನೋ ಅಂದಾಜು, ಅಪ್ಪಂದೂ 70, ಮಗಂದೂ 70! ವ್ಯತ್ಯಾಸ ಗೊತ್ತಾಗಿದ್ದು ಮೂತ್ರದಲ್ಲಿ. ಕಿಡ್ನಿಗೆ ಪೆಟ್ಟು ಬಿದ್ರೆ ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರುತ್ತೆ, ಅದಕ್ಕೇ ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ರೇಷಿಯೋ ನೋಡ್ತೀವಿ, 30ರ ಒಳಗಿರಬೇಕು. ಮಗನದು 8, ಭಾವನದು 180, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿದಾಗಲೂ ಹತ್ತಿರ ಹತ್ತಿರ ಅಷ್ಟೇ. ಮಗ ಕ್ರಿಯಾಟಿನ್ ಮಾತ್ರ ನಿಲ್ಲಿಸಿ ಮೂರು ವಾರ ಬಿಟ್ಟು ಟೆಸ್ಟ್ ಮಾಡಿಸಿದಾಗ 1.1ಕ್ಕೆ ಇಳೀತು, ಇಜಿಎಫ್‌ಆರ್ 94. ಪ್ರೋಟೀನ್ ಅವನು ಬಿಟ್ಟಿರಲೇ ಇಲ್ಲ.

ಪ್ರೋಟೀನ್ ತಿಂದಾಗ ಕಿಡ್ನಿಗೆ ರಕ್ತ ಜಾಸ್ತಿ ಹರಿದು ಸೋಸೋ ಕೆಲಸ ಏರುತ್ತೆ, ಇದು ನಿಜ. ಆರೋಗ್ಯವಾಗಿರೋ ಕಿಡ್ನಿ ಅದನ್ನ ಸುಧಾರಿಸ್ಕೊಳ್ಳುತ್ತೆ. 2018ರಲ್ಲಿ 28 ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದಾಗ, ಆರೋಗ್ಯವಂತರಲ್ಲಿ ಜಾಸ್ತಿ ಪ್ರೋಟೀನ್ ತಿಂದವರ ಕಿಡ್ನಿ ಮಾಮೂಲಿ ತಿಂದವರದಕ್ಕಿಂತ ಕೆಡಲಿಲ್ಲ. ಇಂಥ ಅಧ್ಯಯನಗಳು ಹೆಚ್ಚಿನವು ಕೆಲವು ತಿಂಗಳು ನಡೆದವು, ಹಾಗಾಗಿ ಮೂವತ್ತು ವರ್ಷ ಹೀಗೇ ತಿಂದ್ರೂ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡೋಕೆ ಬರಲ್ಲ. ಅಮೆರಿಕದಲ್ಲಿ 1624 ನರ್ಸ್‌ಗಳನ್ನ 11 ವರ್ಷ ಗಮನಿಸಿದ ಅಧ್ಯಯನ 2003ರಲ್ಲಿ ಬಂತು. ಕಿಡ್ನಿ ಸರಿ ಇದ್ದವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಆದ್ರೆ ಮೊದಲೇ ಸ್ವಲ್ಪ ಕುಂದಿದ್ದವರಲ್ಲಿ ಪ್ರೋಟೀನ್ ಜಾಸ್ತಿ ಆದಷ್ಟೂ ಕಿಡ್ನಿ ಬೇಗ ಇಳೀತು, ಅದರಲ್ಲೂ ಮಾಂಸದ ಪ್ರೋಟೀನಿಂದ.

ನಮ್ಮ ಭಾವ ಈ ಎರಡನೇ ಗುಂಪಿನವರು. ಶುಗರ್‌ನಿಂದ ಸೋಸೋ ಜಾಲರಿ ಮೇಲೆ ಆಗಲೇ ಒತ್ತಡ ಇದೆ, ಪ್ರೋಟೀನ್ ಅದನ್ನ ಇನ್ನೂ ಏರಿಸುತ್ತೆ. ತೂಕ 65 ಕೆಜಿ, ಊಟದಿಂದ ಸುಮಾರು 45 ಗ್ರಾಂ, ಎರಡು ಸ್ಕೂಪಿಂದ 48, ಒಟ್ಟು 93, ಅಂದ್ರೆ ಕೆಜಿಗೆ 1.4 ಗ್ರಾಂ. ಕಿಡ್ನಿ ಕಾಯಿಲೆ ಮುಂದುವರಿಯೋ ಅಪಾಯ ಇದ್ದವರು 1.3 ದಾಟಬಾರದು ಅಂತ ಕಿಡ್ನಿ ಡಾಕ್ಟರ್‌ಗಳ ಮಾರ್ಗಸೂಚಿನೇ ಇದೆ. ಅವರ ಡಾಕ್ಟರ್ ಪೌಡರ್ ನಿಲ್ಲಿಸಿ 0.8ರ ಲೆಕ್ಕದಲ್ಲಿ ದಿನಕ್ಕೆ 52 ಗ್ರಾಂ ಸಾಕು ಅಂದ್ರು, ಬೇಳೆ ಮೊಸರು ಮೊಟ್ಟೆಯಲ್ಲೇ ಅದು ಆಗುತ್ತೆ, ಬಿಪಿ ಮಾತ್ರೆನೂ ಬದಲಾಯಿಸಿದ್ರು.

ಶುಗರ್, ಬಿಪಿ ಇರೋರು, ಒಂದೇ ಕಿಡ್ನಿ ಇರೋರು, ಪದೇ ಪದೇ ಕಲ್ಲು ಆಗೋರು, ಮನೇಲಿ ಯಾರಿಗಾದ್ರೂ ಕಿಡ್ನಿಯಲ್ಲಿ ನೀರುಗುಳ್ಳೆ ಕಾಯಿಲೆ ಇರೋರು ಪೌಡರ್ ಡಬ್ಬ ತೆಗೆಯೋ ಮುಂಚೆ ಕ್ರಿಯಾಟಿನಿನ್ ಜೊತೆ ಮೂತ್ರದ ಈ ಟೆಸ್ಟೂ ಮಾಡಿಸಿ. ಹಿಂದಿನ ದಿನ ಜೋರು ವರ್ಕೌಟ್ ಮಾಡಬೇಡಿ, ಅದರಿಂದಲೂ ಆಲ್ಬುಮಿನ್ ಏರುತ್ತೆ. ಮಾಮೂಲಿ ಪಟ್ಟಿ ಅದ್ದಿ ನೋಡೋ ಮೂತ್ರ ಟೆಸ್ಟಲ್ಲಿ ಶುರುವಿನ ಸೋರಿಕೆ ಸಿಗದೇ ಹೋಗಬಹುದು, ರೇಷಿಯೋನೇ ಕೇಳಿ ಮಾಡಿಸಿ.

ಇನ್ನೊಂದು, ಡಯಾಲಿಸಿಸ್‌ನಲ್ಲಿರೋರು ನಿಮ್ಮ ಬರಹ ಓದಿ ಮೊಟ್ಟೆ ಬಿಟ್ಟುಬಿಟ್ರೆ ಕಷ್ಟ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಅಂಶ ಕಳೆದುಹೋಗುತ್ತೆ, ಅವರಿಗೆ ಕೆಜಿಗೆ 1ರಿಂದ 1.2 ಗ್ರಾಂ ಬೇಕೇ ಬೇಕು. ದಯವಿಟ್ಟು ಇದನ್ನಾದ್ರೂ ಒಂದು ಸಣ್ಣ ಬಾಕ್ಸ್ ಮಾಡಿ ಹಾಕಿ.

– ಲ್ಯಾಬ್ ಟೆಕ್ನಿಷಿಯನ್, ತುಮಕೂರು