ಇನ್ನು ಮುಂದೆ ಅಳೆದು ನೋಡಿದ ಚಾರ್ಜಿಂಗ್ ಕೇಬಲ್ ಮಾತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಮಂಡ್ಯದ ಮಳಿಗೆಯಲ್ಲಿ ಕಡಿಮೆ ದರದ ಚಾರ್ಜಿಂಗ್ ಕೇಬಲ್‌ಗಳ ಮಾರಾಟ ನಿಲ್ಲುತ್ತದೆ. ಒಂದು ಮೀಟರ್ ಉದ್ದದ, ವಿದ್ಯುತ್ ಹರಿಯುವ ಎರಡೂ ತಂತಿಗಳು 24 ಗೇಜ್‌ನ ದಪ್ಪದ ತಾಮ್ರದ್ದಾಗಿರುವ ಕೇಬಲ್‌ಗಳನ್ನಷ್ಟೇ ಇಡುತ್ತೇವೆ. ಬೆಲೆ ಈಗಿನದಕ್ಕಿಂತ ಹೆಚ್ಚಾಗುತ್ತದೆ. ಹೆಚ್ಚು ಹಣ ಕೇಳುವಾಗ ಕಾರಣ ಹೇಳುವುದು ನಮ್ಮ ಕರ್ತವ್ಯ.

ಪಾಂಡವಪುರದ ಕಡೆ ಆಲೆಮನೆ ನಡೆಸುವ ಗ್ರಾಹಕರೊಬ್ಬರು ಈಚೆಗೆ ಫೋನ್ ಹಿಡಿದು ಬಂದಿದ್ದರು. "ರಾತ್ರಿಯೆಲ್ಲಾ ಹಾಕಿಟ್ಟರೂ ತುಂಬುವುದಿಲ್ಲ ಸ್ವಾಮಿ, ಬ್ಯಾಟರಿ ಹೋಗಿದೆಯಂತೆ, ಬದಲಾಯಿಸಿಕೊಡಿ" ಎಂದರು. ಬ್ಯಾಟರಿ ಮುಟ್ಟುವ ಮೊದಲು ಅವರ ಕೇಬಲ್ಲಿಗೂ ಫೋನಿಗೂ ನಡುವೆ ಯುಎಸ್‌ಬಿ ಮೀಟರ್ ಸಿಕ್ಕಿಸಿದೆವು. ಅಡಾಪ್ಟರ್ 5.1 ವೋಲ್ಟ್ ಕೊಡುತ್ತಿತ್ತು. ಫೋನಿನ ಬಾಯಿಗೆ ತಲುಪುತ್ತಿದ್ದದ್ದು 4.3 ವೋಲ್ಟ್, 0.9 ಆಂಪಿಯರ್. ಅದೇ ಅಡಾಪ್ಟರ್‌ಗೆ ನಮ್ಮ 24 ಗೇಜ್ ಕೇಬಲ್ ಹಾಕಿದಾಗ 4.75 ವೋಲ್ಟ್, 1.8 ಆಂಪಿಯರ್. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ತಂತಿ ಸಣ್ಣದಾದರೆ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಅದು ಇನ್ನಷ್ಟು ಇಳಿಯದಿರಲಿ ಎಂದು ಫೋನ್ ತಾನೇ ಎಳೆಯುವ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ.

ಅವರ ಒಪ್ಪಿಗೆ ಪಡೆದು ಆ ಕೇಬಲನ್ನು ಕತ್ತರಿಸಿದೆವು. ಅದಕ್ಕೂ ಮುನ್ನ ತಕ್ಕಡಿಯಲ್ಲಿಟ್ಟಾಗ ಅದು ನಮ್ಮದಕ್ಕಿಂತ ಮೂರು ಗ್ರಾಂ ಹೆಚ್ಚೇ ತೂಗಿತ್ತು! ತೂಕವನ್ನು ಎಷ್ಟು ನಂಬಬೇಕು ಎಂಬುದು ಇಲ್ಲೇ ತಿಳಿಯುತ್ತದೆ. ಒಂದು ಮೀಟರ್ ಕೇಬಲ್ಲಿನಲ್ಲಿ 24 ಗೇಜ್‌ನ ಎರಡು ತಂತಿಗಳ ತಾಮ್ರ ನಾಲ್ಕು ಗ್ರಾಂ ಒಳಗೇ ಇರುತ್ತದೆ, ಅದಕ್ಕಿಂತ ಸಣ್ಣದಾದ 28 ಗೇಜ್‌ನಲ್ಲಾದರೆ ಒಂದೂವರೆ ಗ್ರಾಂ ಆಸುಪಾಸು. ಈ ಎರಡೂವರೆ ಗ್ರಾಂ ಒಳಗಿನ ವ್ಯತ್ಯಾಸವನ್ನು ದಪ್ಪ ರಬ್ಬರ್ ಹೊದಿಕೆ, ನೈಲಾನ್ ಹೆಣಿಗೆ ಸುಲಭವಾಗಿ ಮುಚ್ಚಿಹಾಕುತ್ತವೆ. ಆದ್ದರಿಂದ ಭಾರವಾಗಿರುವುದು ಒಳ್ಳೆಯದರ ಗುರುತಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕೇಬಲ್‌ಗಳಲ್ಲಿ ಒಂದು ಎದ್ದು ಕಾಣುವಷ್ಟು ಹಗುರವಾಗಿದ್ದರೆ ಮಾತ್ರ ಆ ಹಗುರವಾದದ್ದು ನಕಲಿಯೇ ಎಂದು ಅನುಮಾನಿಸಿ.

ಕತ್ತರಿಸಿದಾಗ ಎಳೆಗಳು ಕೆಂಪಗೆ ಹೊಳೆದವು. ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಒಳಗೆ ಬೆಳ್ಳಗಿತ್ತು: ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಅಂಥ ತಂತಿ ಅಷ್ಟೇ ದಪ್ಪದ ಶುದ್ಧ ತಾಮ್ರದ ಮೂರನೇ ಎರಡು ಪಾಲಿನಷ್ಟೂ ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುವುದಿಲ್ಲ, ಪದೇ ಪದೇ ಬಾಗಿದರೆ ಬೇಗ ಮುರಿಯುತ್ತದೆ. ಹೊರಗೆ ಬೆಳ್ಳಗಿದ್ದು ಕೆರೆದಾಗ ಕೆಂಪಾದರೆ ಗಾಬರಿ ಬೇಡ, ಅದು ತವರ ಬಳಿದ ಒಳ್ಳೆಯ ತಾಮ್ರ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣ ಎಂಬುದನ್ನು ನೆನಪಿಡಿ. ಹೊದಿಕೆಯ ಮೇಲೆ 24 ಎಂದು ಅಚ್ಚಾಗಿದ್ದರೂ ಒಳಗೆ ಅದೇ ಇದೆ ಎನ್ನುವಂತಿಲ್ಲ, ಅಚ್ಚು ಹಾಕಲು ಯಾರಿಗೂ ಖರ್ಚಿಲ್ಲ.

ಕತ್ತರಿಸದೆ ನೋಡಬಹುದಾದದ್ದು ಪ್ಲಗ್. ಸಿ ಟೈಪ್ ಪ್ಲಗ್ಗಿನ ಲೋಹದ ಕವಚವನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ. ಒಳ್ಳೆಯದರಲ್ಲಿ ಸಾಮಾನ್ಯವಾಗಿ ಬೆಸುಗೆಯ ಗೆರೆ ಇರುವುದಿಲ್ಲ, ಒಂದೇ ತುಂಡಿನಿಂದ ಎಳೆದು ಮಾಡಿರುತ್ತಾರೆ. ತಗಡನ್ನು ಮಡಚಿ ಮಾಡಿದ್ದರಲ್ಲಿ ಒಂದು ಬದಿಗೆ ಕೂಡುಗೆರೆ ಕಾಣುತ್ತದೆ, ಉಗುರಿಗೂ ತಾಗುತ್ತದೆ. ಫೋನಿಗೆ ಪದೇ ಪದೇ ಹಾಕಿ ತೆಗೆದಂತೆ ಆ ಕೂಡು ಬಾಯಿಬಿಡುತ್ತದೆ, ಪ್ಲಗ್ ಅಲುಗಾಡತೊಡಗುತ್ತದೆ. ಒಳಗಿನ ಪಿನ್‌ಗಳಲ್ಲಿ ಕೆಲವು ಖಾಲಿ ಇರುವುದನ್ನು ಕಂಡು ಕೆಲವರು ವಾಪಸು ತಂದುಕೊಡುತ್ತಾರೆ. ಅದು ದೋಷವಲ್ಲ, ಸಾಧಾರಣ ಚಾರ್ಜಿಂಗ್ ಕೇಬಲ್ಲಿಗೆ ಎಲ್ಲ ಪಿನ್‌ಗಳೂ ಬೇಕಿಲ್ಲ. ಇರುವ ಪಿನ್‌ಗಳು ಸೊಟ್ಟಗಿವೆಯೇ, ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿ.

ಇನ್ನು ಮುಂದೆ ಬರುವ ಪ್ರತಿ ಸರಕಿನಿಂದಲೂ ಒಂದು ಕೇಬಲನ್ನು ಕತ್ತರಿಸಿ, ಕೆರೆದ ಎಳೆ ಕಾಣುವಂತೆ ಕೌಂಟರಿನ ಪಕ್ಕ ತೂಗುಹಾಕುತ್ತೇವೆ. 2 ಆಂಪಿಯರ್ ಹರಿಯುವಾಗ ಅರ್ಧ ವೋಲ್ಟಿಗಿಂತ ಹೆಚ್ಚು ಇಳಿದರೆ ಇಡೀ ಸರಕು ವಾಪಸು ಹೋಗುತ್ತದೆ. ನಿಮ್ಮ ಮನೆಯ ಹಳೆಯ ಕೇಬಲ್‌ಗಳನ್ನೂ ತನ್ನಿ, ಹಣವಿಲ್ಲದೆ ಅಳೆದು ಹೇಳುತ್ತೇವೆ. ಬರುವಾಗ ಫೋನಿನ ಚಾರ್ಜ್ ಅರ್ಧಕ್ಕಿಂತ ಕೆಳಗಿರಲಿ, ತುಂಬಿದ ಫೋನ್ ತಾನಾಗಿಯೇ ಕಡಿಮೆ ಎಳೆಯುತ್ತದೆ, ಕೇಬಲ್ ಹೇಗಿದೆ ಎಂಬುದು ತಿಳಿಯುವುದಿಲ್ಲ. ವೇಗದ ಚಾರ್ಜರ್ 9 ವೋಲ್ಟ್ ಕೊಡುವಾಗಲೂ ಸಣ್ಣ ತಂತಿಯ ಕೊರತೆ ಮರೆಯಾಗುವುದರಿಂದ ನಾವು ಸಾದಾ 5 ವೋಲ್ಟಿನ ಅಡಾಪ್ಟರಿನಲ್ಲೇ ನೋಡುತ್ತೇವೆ.

ಎರಡು ಮೀಟರ್ ಉದ್ದದ ಕೇಬಲ್ ಕೇಳುವವರಿಗೆ ಒಂದು ಮಾತು. ಉದ್ದ ಇಮ್ಮಡಿಯಾದರೆ ನಷ್ಟವೂ ಇಮ್ಮಡಿ, ಅಲ್ಲಿ 24 ಗೇಜ್ ಸಾಲದು. 20 ಗೇಜ್‌ನದು ಸರಿಯಾಗಿ ಸಿಕ್ಕಿ ನಮ್ಮ ಅಳತೆಯಲ್ಲಿ ಗೆಲ್ಲುವವರೆಗೆ ಉದ್ದದ ಕೇಬಲ್ ನಮ್ಮಲ್ಲಿ ಇರುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಮಳಿಗೆಯ ಸಿಬ್ಬಂದಿ, ಮಂಡ್ಯ