ರಜೆಯಲ್ಲಿ ಅಂಗಡಿಗೆ ಬರುವ ಮಕ್ಕಳ ಬಗ್ಗೆ

ಬೇಕರಿ, ಹೋಟೆಲ್ ನಡೆಸುವ ಎಲ್ಲ ಸದಸ್ಯರಿಗೆ ನಮಸ್ಕಾರ.

ಬೇಸಿಗೆ ರಜೆ ಶುರುವಾಯ್ತು. ನಿನ್ನೆ ನಮ್ಮ ಸದಸ್ಯರೊಬ್ಬರು ಕೇಳಿದರು: "ಅಕ್ಕನ ಮಗ, 13 ವರ್ಷ, ಬೇಕರಿಗೆ ಬರ್ತಾನೆ. ತೊಂದರೆ ಇಲ್ಲ ಅಲ್ವಾ?"

ಬಾಲಕಾರ್ಮಿಕ ಕಾನೂನಿನ ಪ್ರಕಾರ 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಅಪಾಯದ ಕೆಲಸಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಮನೆಯವರ ವ್ಯಾಪಾರಕ್ಕೆ ವಿನಾಯಿತಿ ಇದೆ. "ಮನೆಯವರು" ಅಂದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ-ಅಮ್ಮನ ಒಡಹುಟ್ಟಿದವರು. ಸೋದರಮಾವ ಈ ಪಟ್ಟಿಯಲ್ಲಿದ್ದಾರೆ. ವಿಚಿತ್ರ ಅಂದರೆ ಅಜ್ಜ-ಅಜ್ಜಿ ಇಲ್ಲ! ಪಕ್ಕದ ಮನೆ ಹುಡುಗ, ಊರಿನ ಪರಿಚಯದವರ ಮಗ ಅಂತೂ ಇಲ್ಲವೇ ಇಲ್ಲ.

ಹಾಗಂತ ಈ ಹುಡುಗನನ್ನು ದಿನವಿಡೀ ನಿಲ್ಲಿಸಬಹುದು ಅಂತಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಬೇಡ. ಬಿಡುವಿನ ಸಮಯ ಬಿಟ್ಟು ದಿನಕ್ಕೆ ಒಟ್ಟು 3 ಗಂಟೆಗಿಂತ ಜಾಸ್ತಿ ಬೇಡ. ಚಿಕ್ಕಪುಟ್ಟದಕ್ಕೆ ಕೈ ಜೋಡಿಸಿದರೆ ಸಹಾಯ. ಕೌಂಟರ್ ಹುಡುಗ ಊರಿಗೆ ಹೋದ ಅಂತ ಅವನ ಜಾಗಕ್ಕೆ ಇವನನ್ನು ನಿಲ್ಲಿಸಿದರೆ ಅದು ಸಹಾಯ ಅಲ್ಲ. ದೊಡ್ಡವರ ಬದಲಿಗೆ ಮಗುವನ್ನು ಬಳಸಬಾರದು ಅಂತ 2017ರ ತಿದ್ದುಪಡಿ ನಿಯಮದಲ್ಲೇ ಇದೆ. ಜನ ಎಡವೋದು ಇಲ್ಲೇ.

14 ತುಂಬಿ 18 ಆಗದವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು, ಆದರೆ ಗಣಿ, ಸ್ಫೋಟಕದಂಥ ಅಪಾಯದ ಕೆಲಸಕ್ಕಲ್ಲ. ಬಿಡುವೂ ಸೇರಿ ದಿನಕ್ಕೆ 6 ಗಂಟೆ, ವಾರಕ್ಕೊಂದು ರಜೆ, ಓವರ್‌ಟೈಮ್ ಇಲ್ಲ. ರಾತ್ರಿಯ ನಿಯಮ ಇವರಿಗೂ ಅದೇ. ಹೆಸರು, ಹುಟ್ಟಿದ ದಿನಾಂಕ, ಕೆಲಸದ ವೇಳೆ ರಿಜಿಸ್ಟರ್‌ನಲ್ಲಿರಲಿ.

ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಟ್ಟು ಸಿಕ್ಕಿಬಿದ್ದರೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20ರಿಂದ 50 ಸಾವಿರ ದಂಡ, ಅಥವಾ ಎರಡೂ.